n = 3, l = 1, m = +1 ಅಂದ್ರೆ 3px ಅಂತ ಕೀ ಉತ್ತರದಲ್ಲಿದೆ. ಸರಿನಾ?

ಮೌನಮಾತು
ಎಲ್ಲರಿಗೂ ನಮಸ್ಕಾರ. ಅಭ್ಯಾಸದ ಪ್ರಶ್ನೆಪತ್ರಿಕೆಯಲ್ಲಿ ಎರಡು ಪ್ರಶ್ನೆ ಒಂದರ ಹಿಂದೊಂದು ಬಂದಿವೆ, ಎರಡರಲ್ಲೂ ಸಿಕ್ಕಿಹಾಕಿಕೊಂಡಿದ್ದೀನಿ.

ಮೊದಲನೇದು: ಒಂದು ಪರಮಾಣುವಿನಲ್ಲಿ n = 4, m = +1, ಸ್ಪಿನ್ −1/2 ಇರುವ ಇಲೆಕ್ಟ್ರಾನ್‌ಗಳು ಹೆಚ್ಚೆಂದರೆ ಎಷ್ಟು? ಕೀ ಉತ್ತರ 3. ಪೌಲಿ ನಿಯಮದ ಪ್ರಕಾರ ಒಂದು ಸೆಟ್‌ಗೆ ಒಂದೇ ಇಲೆಕ್ಟ್ರಾನ್ ತಾನೇ? ಹಾಗಾದ್ರೆ 1 ಆಗಬೇಕಲ್ಲ?

ಎರಡನೇದು: n = 3, l = 1, m = +1 ಇರುವ ಆರ್ಬಿಟಲ್ ಯಾವುದು? ಆಯ್ಕೆಗಳು 3px, 3py, 3pz. ಕೀ ಉತ್ತರ 3px. ಇನ್ನೊಂದು ಕಡೆ ಇದೇ ಪ್ರಶ್ನೆಗೆ 3py ಅಂತ ಕೊಟ್ಟಿದ್ದಾರೆ. ಯಾರನ್ನ ನಂಬಲಿ?

ಕೋಡ್‌ಕುಟ್ಟಿ
ಮೊದಲನೇದು 3 ಸರಿ. ನಾಲ್ಕು ಸಂಖ್ಯೆ ಕೊಟ್ಟಿದ್ರೆ 1. ಅವರು ಮೂರೇ ಕೊಟ್ಟಿದ್ದಾರೆ, l ಬಿಟ್ಟಿದ್ದಾರೆ ನೋಡಿ.

ರಂಗಪ್ಪ ಕೆಮಿಸ್ಟ್ರಿ
ಎರಡನೇದಕ್ಕೆ ತಲೆ ಕೆಡಿಸ್ಕೋಬೇಡಿ. ಅದು ಬರೀ ಒಪ್ಪಂದ. +1 ಅಂದ್ರೆ x, −1 ಅಂದ್ರೆ y, 0 ಅಂದ್ರೆ z. ಕೆಲವರು x, y ಅದಲುಬದಲು ಮಾಡ್ತಾರೆ. ನಿಮ್ಮ ಪುಸ್ತಕ ಹೇಳಿದ ಹಾಗೆ ಬರೀರಿ, ಮುಗೀತು.

ಸುಮಾ ಎಂ
4s ಮೊದಲು ತುಂಬುತ್ತೆ, ಆಮೇಲೆ 3d, ಆಮೇಲೆ 4p. n + l ನೋಡಿ, ಕಮ್ಮಿ ಇರೋದು ಮೊದಲು. ಹಾಗಾಗಿ n = 4ರಲ್ಲಿ ಎಷ್ಟು ಇಲೆಕ್ಟ್ರಾನ್ ಅನ್ನೋದು ಯಾವ ಧಾತು ಅನ್ನೋದರ ಮೇಲೆ ಹೋಗುತ್ತೆ. ಪ್ರಶ್ನೆಯೇ ಅಪೂರ್ಣ ಅನ್ಸುತ್ತೆ.

ಕೋಡ್‌ಕುಟ್ಟಿ
ಸುಮಾ ಮೇಡಂ, "ಹೆಚ್ಚೆಂದರೆ" ಅಂತ ಕೇಳಿದ್ದಾರೆ. ತುಂಬುವ ಕ್ರಮ ಇಲ್ಲಿ ಬರೋದೇ ಇಲ್ಲ. ಸೀಟು ಎಷ್ಟಿವೆ ಅನ್ನೋದು ಪ್ರಶ್ನೆ, ಯಾರು ಕೂತಿದ್ದಾರೆ ಅನ್ನೋದಲ್ಲ.

ಲೆಕ್ಕ ಹೀಗೆ. n = 4 ಆದ್ರೆ l ಗೆ 0, 1, 2, 3 ಈ ನಾಲ್ಕು ಬೆಲೆಗಳು. m = +1 ಸಿಗಬೇಕು ಅಂದ್ರೆ l ಕನಿಷ್ಠ 1 ಇರಲೇಬೇಕು, ಯಾಕಂದ್ರೆ m ಯಾವತ್ತೂ −l ಇಂದ +l ಒಳಗೇ ಇರುತ್ತೆ. ಹಾಗಾಗಿ 4s ಹೊರಗೆ. 4p, 4d, 4f ಮೂರರಲ್ಲೂ m = +1 ಇರುವ ಆರ್ಬಿಟಲ್ ಒಂದೊಂದಿದೆ. ಸ್ಪಿನ್ −1/2 ಅಂತ ಕಟ್ಟಿಹಾಕಿದ್ದರಿಂದ ಒಂದೊಂದರಲ್ಲಿ ಒಂದೇ ಇಲೆಕ್ಟ್ರಾನ್. ಒಟ್ಟು 3. ಸ್ಪಿನ್ ಹೇಳದೇ ಇದ್ದಿದ್ರೆ 6. ಇದೇ ದಾರಿಯಲ್ಲಿ ಹೋದ್ರೆ, ಯಾವುದೇ n, m ಕೊಟ್ಟರೂ ಆರ್ಬಿಟಲ್‌ಗಳ ಸಂಖ್ಯೆ n − |m| ಅಂತ ನೇರವಾಗಿ ಬರುತ್ತೆ.

ನಂಬಿಕೆ ಬರದಿದ್ರೆ ಎಣಿಸಿ ನೋಡಿ:

```python
n = 4
c = 0
for l in range(n):
    for m in range(-l, l + 1):
        for s in (0.5, -0.5):
            if m == 1 and s == -0.5:
                c += 1
print(c)   # 3
```

ಇಲ್ಲಿ ಜನ ಎಡವೋದು `range(-l, l)` ಅಂತ ಬರೆದು. ಪೈಥಾನ್‌ನಲ್ಲಿ ಕೊನೆಯ ಸಂಖ್ಯೆ ಬಿಟ್ಟುಹೋಗುತ್ತೆ, ಆಗ p ಯಲ್ಲಿ +1 ಮಾಯವಾಗಿ ಉತ್ತರ 2 ಬರುತ್ತೆ. 4s ಆರ್ಬಿಟಲ್ ಅಂತೂ ಪೂರ್ತಿ ಕಾಣೆ. ಷರತ್ತು ತೆಗೆದು ಎಲ್ಲವನ್ನೂ ಎಣಿಸಿದ್ರೆ 32 ಬರಬೇಕು. 24 ಬಂದ್ರೆ ತಪ್ಪು ಈ ಜಾಗದಲ್ಲೇ ಇದೆ ಅಂತ ತಿಳ್ಕೊಳ್ಳಿ.

ಮೌನಮಾತು
ಮೊದಲನೇದು ಅರ್ಥ ಆಯ್ತು, ಧನ್ಯವಾದ. ಆದ್ರೆ l ಯಾಕೆ n − 1ಕ್ಕೇ ನಿಲ್ಲಬೇಕು? 2d ಯಾಕಿಲ್ಲ ಅಂದ್ರೆ ಎಲ್ಲರೂ "ನಿಯಮ" ಅಂತಾರೆ.

ಅಲೆಗಣಿತ
ಆ ನಿಯಮ ಹಿಂದಿನಿಂದ ಓದಿದ್ರೆ ಸರಳ. ಸಮೀಕರಣ ಬಿಡಿಸುವಾಗ n ಮೊದಲು ಬರೋದೇ ಇಲ್ಲ. ಮೊದಲು ಕೋನಗಳ ಭಾಗದಿಂದ l ಬರುತ್ತೆ, ಆಮೇಲೆ ದೂರದ ಭಾಗದಲ್ಲಿ ಅಲೆ ಎಷ್ಟು ಸಲ ಸೊನ್ನೆ ದಾಟುತ್ತೆ ಅನ್ನೋ ಎಣಿಕೆ ಬರುತ್ತೆ. ಆ ಎಣಿಕೆ 0, 1, 2 ಹೀಗೆ. ಶಕ್ತಿ ಈ ಎರಡರ ಮೊತ್ತದ ಮೇಲೆ ನಿಂತಿದೆ, ಆ ಮೊತ್ತಕ್ಕೆ 1 ಸೇರಿಸಿ ನಾವು n ಅಂತ ಹೆಸರಿಟ್ಟಿದ್ದೀವಿ. ಅಂದ್ರೆ ಗೋಳಾಕಾರದ ನೋಡ್‌ಗಳ ಸಂಖ್ಯೆ n − l − 1. 2d ಬೇಕು ಅಂದ್ರೆ ಅದು 2 − 2 − 1, ಅಂದ್ರೆ −1. ಮೈನಸ್ ಒಂದು ಸಲ ಸೊನ್ನೆ ದಾಟೋದು ಹೇಗೆ ಹೇಳಿ?

ಈಗ ರಂಗಪ್ಪನವರ ಮಾತಿಗೆ ಬರ್ತೀನಿ. m = 0 ಅಂದ್ರೆ pz ಅನ್ನೋದು ಪೂರ್ತಿ ಸರಿ, ಅದು ಒಪ್ಪಂದವೂ ಅಲ್ಲ. m ಅನ್ನ z ಅಕ್ಷದ ಸುತ್ತಲೇ ಅಳೀತೀವಿ, ಹಾಗಾಗಿ 0 ಗೆ pz ಬಿಟ್ಟು ಬೇರೆ ಯಾವುದೂ ಆಗೋದಿಲ್ಲ. ಆದ್ರೆ +1 ಗೆ px ಅನ್ನೋದು ಒಪ್ಪಂದ ಅಂತ ಕೂಡ ಕರೆಯೋ ಹಾಗಿಲ್ಲ. ಅದು ತಪ್ಪು. py ಅಂದ್ರೂ ತಪ್ಪು. ಪ್ರಶ್ನೆಯ ಮೂರು ಆಯ್ಕೆಗಳಲ್ಲಿ ಸರಿ ಉತ್ತರವೇ ಇಲ್ಲ.

ರಂಗಪ್ಪ ಕೆಮಿಸ್ಟ್ರಿ
ಸ್ವಲ್ಪ ಜೋರಾಯ್ತು ಸರ್. ಮೂರು m ಬೆಲೆ, ಮೂರು ಆರ್ಬಿಟಲ್. ಒಂದಕ್ಕೊಂದು ಹೊಂದಿಸಲೇಬೇಕಲ್ಲ? ಇಲ್ಲಾಂದ್ರೆ px ನಲ್ಲಿರೋ ಇಲೆಕ್ಟ್ರಾನ್‌ಗೆ m ಎಷ್ಟು?

ಅಲೆಗಣಿತ
ಅದೇ ವಿಷಯ. px ನಲ್ಲಿರೋ ಇಲೆಕ್ಟ್ರಾನ್‌ಗೆ ಒಂದು ಖಚಿತ m ಇಲ್ಲ. ಅದರ z ದಿಕ್ಕಿನ ಕೋನೀಯ ಸಂವೇಗ ಅಳೆದ್ರೆ ಅರ್ಧ ಸಲ +1, ಅರ್ಧ ಸಲ −1 ಸಿಗುತ್ತೆ, 0 ಯಾವತ್ತೂ ಸಿಗಲ್ಲ. py ಗೂ ಹಾಗೇ.

m = +1 ಇರುವ p ಆರ್ಬಿಟಲ್‌ನ ಕೋನದ ಭಾಗ sinθ · e^(iφ). φ ಅಂದ್ರೆ z ಅಕ್ಷದ ಸುತ್ತ ತಿರುಗುವ ಕೋನ. m = −1 ಗೆ ಘಾತದಲ್ಲಿ ಚಿಹ್ನೆ ಬದಲು. ಇವೆರಡರಲ್ಲೂ i ಇದೆ, ಹಾಳೆ ಮೇಲೆ ಬಿಡಿಸೋಕೆ ಕಷ್ಟ. ಅದಕ್ಕೆ ಎರಡನ್ನೂ ಬೆರೆಸ್ತೀವಿ, ಇಲ್ಲಿ Y(l,m) ಅಂದ್ರೆ ಆ ಕೋನದ ಭಾಗ:

```
px = (Y(1,-1) - Y(1,+1)) / √2
py = i (Y(1,-1) + Y(1,+1)) / √2
pz = Y(1,0)
```

ಮೊದಲ ಸಾಲಲ್ಲಿ ಕಳೆಯೋದು ಯಾಕೆ ಅಂದ್ರೆ, ರೂಢಿಯ ಪ್ರಕಾರ Y(1,+1) ಮುಂದೆ ಒಂದು ಮೈನಸ್ ಚಿಹ್ನೆ ಮೊದಲೇ ಇದೆ. ಬಿಡಿಸಿದ್ರೆ px ಗೆ sinθ cosφ, py ಗೆ sinθ sinφ ಬರುತ್ತೆ. ನಿಮಗೆ ಗೊತ್ತಿರೋ ಡಂಬೆಲ್‌ಗಳು ಅವೇ. ಎರಡು ಹಾಕಿ ಎರಡು ತೆಗೆದಿದ್ದೀವಿ, ಆದ್ರೆ ಇದು ಅದಾಯ್ತು ಅದು ಇದಾಯ್ತು ಅಂತ ಜೋಡಿಸೋಕೆ ಬರಲ್ಲ. ಹೆಚ್ಚೆಂದರೆ "px, py ಎರಡೂ |m| = 1 ಗುಂಪಿನವು" ಅನ್ನಬಹುದು.

ಲ್ಯಾಬ್‌ಕೋಟು
ಚಿತ್ರದಲ್ಲಿ ನೋಡಿದ್ರೆ ಇನ್ನೂ ಸುಲಭ. m = +1 ನ ಸಾಂದ್ರತೆ ತೆಗೀರಿ. e^(iφ) ನ ಪರಿಮಾಣದ ವರ್ಗ 1, ಅಂದ್ರೆ φ ಮಾಯ. ಉಳಿಯೋದು sin²θ. ಅದು z ಅಕ್ಷದ ಸುತ್ತ ಎಲ್ಲಾ ಕಡೆ ಒಂದೇ ಸಮ ಇರೋ ಉದ್ದಿನವಡೆ ಆಕಾರ. ಡಂಬೆಲ್ ಅಲ್ಲವೇ ಅಲ್ಲ, x ಅಂತ ಒಂದು ದಿಕ್ಕೇ ಅದಕ್ಕಿಲ್ಲ. m = −1 ತೆಗೆದ್ರೂ ಅದೇ ಆಕಾರ. ಎರಡಕ್ಕೂ ವ್ಯತ್ಯಾಸ ಯಾವ ಕಡೆಗೆ ಸುತ್ತುತ್ತೆ ಅನ್ನೋದರಲ್ಲಿ ಮಾತ್ರ.

ಇದರಿಂದ ಇನ್ನೊಂದು ಕಡೆ ಪೆಟ್ಟು ಬೀಳುತ್ತೆ. "p ಗೆ ಒಂದು ನೋಡಲ್ ಸಮತಲ" ಅಂತ ಬಾಯಿಪಾಠ ಮಾಡಿರ್ತೀವಿ. px ಗೆ yz ಸಮತಲ, ಸರಿ. m = +1 ಗೆ ಸಮತಲ ಎಲ್ಲೂ ಇಲ್ಲ. sinθ ಸೊನ್ನೆ ಆಗೋದು z ಅಕ್ಷದ ಗೆರೆಯ ಮೇಲೆ ಮಾತ್ರ.

ಗೋಳದ ನೋಡ್ ಮಾತ್ರ ಎರಡಕ್ಕೂ ಒಂದೇ, ಅದಕ್ಕೆ m ಬೇಕಾಗಿಲ್ಲ. 3p ಗೆ 3 − 1 − 1 = 1. ಹೈಡ್ರೋಜನ್‌ನಲ್ಲಿ ಅದು ಬೋರ್ ತ್ರಿಜ್ಯದ 6 ಪಟ್ಟು ದೂರದಲ್ಲಿ, ಸುಮಾರು 317 ಪಿಕೋಮೀಟರ್. ಪುಸ್ತಕಗಳಲ್ಲಿ 3p ಗೆ 2p ಚಿತ್ರವನ್ನೇ ದೊಡ್ಡದು ಮಾಡಿ ಅಂಟಿಸಿರ್ತಾರೆ, ಆ ಒಳಗಿನ ಚಿಕ್ಕ ಲೋಬ್‌ಗಳು ಕಾಣೋದೇ ಇಲ್ಲ.

ಸುಮಾ ಎಂ
ಉದ್ದಿನವಡೆ ಆಕಾರ dz² ನ ನಡುವೆ ಇರುತ್ತಲ್ಲ? ಅದೂ ಹೀಗೇ ಬಂದಿದ್ದಾ?

ಲ್ಯಾಬ್‌ಕೋಟು
ಅಲ್ಲ ಮೇಡಂ. dz² ಗೆ m = 0, ಅದು ಬೆರೆಸದೇ ಇರೋ ಶುದ್ಧ ಸರಕು. z ಅಕ್ಷದ ಸುತ್ತ ಏನೂ ಬದಲಾಗಬಾರದು, ಅದಕ್ಕೆ ನಡುವಿನ ಭಾಗ ಉಂಗುರವಾಗಿದೆ. ಉಳಿದ ನಾಲ್ಕು d ಗಳು ಜೋಡಿ ಬೆರಕೆಗಳು: dxz, dyz ಬರೋದು ±1 ಇಂದ, dxy ಮತ್ತು dx²−y² ಬರೋದು ±2 ಇಂದ. "ಐದರಲ್ಲಿ ಒಂದು ಮಾತ್ರ ಯಾಕೆ ಬೇರೆ ಥರ" ಅನ್ನೋದಕ್ಕೆ ಉತ್ತರ ಅಷ್ಟೇ. dz² ನ ನೋಡ್‌ಗಳೂ ಸಮತಲ ಅಲ್ಲ, z ಅಕ್ಷಕ್ಕೆ 54.7 ಡಿಗ್ರಿ ಓರೆಯಾಗಿರೋ ಎರಡು ಶಂಕುಗಳು.

ರಂಗಪ್ಪ ಕೆಮಿಸ್ಟ್ರಿ
ಆಕಾರ ಒಪ್ಪಿದೆ. ಆದ್ರೆ ಹಾಗೆ ಬೆರೆಸಿದ್ದು "ಅನುಮತಿಸಿದ ಸ್ಥಿತಿ" ಅಂತ ಹೇಗಾಗುತ್ತೆ? ನಾಲ್ಕು ಕ್ವಾಂಟಮ್ ಸಂಖ್ಯೆ ಇಲ್ಲದ ಇಲೆಕ್ಟ್ರಾನ್‌ಗೆ ಪೌಲಿ ನಿಯಮ ಹೇಗೆ ಹಚ್ಚೋದು? ನೈಟ್ರೋಜನ್‌ನ 2p ಯಲ್ಲಿ px, py, pz ಗೆ ಒಂದೊಂದು ಅಂತ ಬಾಣ ಹಾಕ್ತೀವಲ್ಲ, ಅದೆಲ್ಲ ಸುಳ್ಳಾ?

ಅಲೆಗಣಿತ
ಬಾಣ ಸುಳ್ಳಲ್ಲ. ಹೊರಗಿನ ಕ್ಷೇತ್ರ ಇಲ್ಲದಾಗ ಮೂರು m ಗಳ ಶಕ್ತಿಯೂ ಒಂದೇ. ಒಂದೇ ಶಕ್ತಿಯ ಸ್ಥಿತಿಗಳನ್ನ ಹೇಗೆ ಬೆರೆಸಿದ್ರೂ ಬರೋದು ಅದೇ ಶಕ್ತಿಯ ಸ್ಥಿತಿಯೇ. ಪೌಲಿಗೆ ಬೇಕಾಗಿರೋದು ಎರಡು ಇಲೆಕ್ಟ್ರಾನ್ ಒಂದೇ ಸ್ಥಿತಿಯಲ್ಲಿ ಇರಬಾರದು ಅನ್ನೋದು. ಆ ಸ್ಥಿತಿಗೆ ನೀವು m ಅಂತ ಚೀಟಿ ಅಂಟಿಸಿದ್ರೂ ಸರಿ, x ಅಂತ ಅಂಟಿಸಿದ್ರೂ ಸರಿ. ಸ್ವತಂತ್ರ ಸ್ಥಿತಿಗಳು ಮೂರೇ, ಸ್ಪಿನ್ ಸೇರಿ ಆರೇ. ನೈಟ್ರೋಜನ್‌ನ ಮೂರು ಇಲೆಕ್ಟ್ರಾನ್‌ಗಳನ್ನ px, py, pz ಅಂದ್ರೂ +1, 0, −1 ಅಂದ್ರೂ ಸಿಗೋದು ಅದೇ ಪರಮಾಣು.

ಕೆಡೋದು ಎಲ್ಲಿ ಅಂದ್ರೆ ಎರಡು ಪಟ್ಟಿಗಳನ್ನ ಕಲಸಿದಾಗ. ಒಂದು ಇಲೆಕ್ಟ್ರಾನ್ m = +1 ನಲ್ಲಿ, ಅದೇ ಸ್ಪಿನ್‌ನ ಇನ್ನೊಂದು px ನಲ್ಲಿ ಅಂತ ಬರೆದ್ರೆ ಅವೆರಡೂ ಪೂರ್ತಿ ಬೇರೆ ಸ್ಥಿತಿಗಳಲ್ಲ, ಅರ್ಧ ಒಂದರ ಮೇಲೊಂದು ಬಿದ್ದಿವೆ. ಒಂದು ಪಟ್ಟಿ ಆಯ್ದ ಮೇಲೆ ಕೊನೇವರೆಗೂ ಅದರಲ್ಲೇ ಇರಬೇಕು.

ಕೋಡ್‌ಕುಟ್ಟಿ
ಹಾಗಾದ್ರೆ ಯಾವಾಗ ಯಾವ ಪಟ್ಟಿ?

ಅಲೆಗಣಿತ
ಸುತ್ತಮುತ್ತ ಏನಿದೆ ನೋಡಿ. ಪಕ್ಕದಲ್ಲಿ ಬೇರೆ ಪರಮಾಣುಗಳು ಕೂತಿದ್ರೆ, ಬಂಧದ ದಿಕ್ಕು ಮುಖ್ಯ ಆದ್ರೆ px, py, pz. ಕ್ವಾಂಟಮ್ ಕೆಮಿಸ್ಟ್ರಿ ಪ್ರೋಗ್ರಾಂಗಳು ಸಾಮಾನ್ಯವಾಗಿ ಇವನ್ನೇ ಇಟ್ಟುಕೊಳ್ಳೋದು, ಲೆಕ್ಕದಲ್ಲಿ i ಇಲ್ಲದಿದ್ರೆ ಕೆಲಸ ಹಗುರ. ಕಾಂತಕ್ಷೇತ್ರ ಹಾಕಿದ್ರೆ, ಆ ದಿಕ್ಕನ್ನ z ಅಂತ ತಗೊಂಡು +1, 0, −1.

ಒಂದು ಲೆಕ್ಕ ನೋಡಿ. ಸ್ಪಿನ್ ಮರೆತು 1 ಟೆಸ್ಲಾ ಕ್ಷೇತ್ರ ಹಾಕಿ. m ಒಂದು ಹೆಚ್ಚಿದ್ರೆ ಶಕ್ತಿ ಸುಮಾರು 0.058 ಮಿಲಿ ಇಲೆಕ್ಟ್ರಾನ್‌ವೋಲ್ಟ್ ಹೆಚ್ಚುತ್ತೆ. +1 ಮತ್ತು −1 ರ ಶಕ್ತಿ ಈಗ ಬೇರೆಬೇರೆ, ಹಾಗಾಗಿ ಅವುಗಳ ಬೆರಕೆ ಆದ px ಒಂದೇ ಕಡೆ ನಿಲ್ಲೋದಿಲ್ಲ. ಡಂಬೆಲ್ z ಅಕ್ಷದ ಸುತ್ತ ತಿರುಗುತ್ತೆ, ಸೆಕೆಂಡಿಗೆ ಸುಮಾರು 1400 ಕೋಟಿ ಸುತ್ತು. px ಆಗಿದ್ದದ್ದು ಸುಮಾರು 18 ಪಿಕೋಸೆಕೆಂಡ್‌ನಲ್ಲಿ py ಆಗಿರುತ್ತೆ. m = +1 ನಲ್ಲಿಟ್ಟ ಇಲೆಕ್ಟ್ರಾನ್ ಮಾತ್ರ ಹಾಗೇ ಕೂತಿರುತ್ತೆ. "+1 ಅಂದ್ರೆ px" ಅನ್ನೋ ಕೀ ಉತ್ತರ ಬೀಳೋದು ಇಲ್ಲಿ.

ಲ್ಯಾಬ್‌ಕೋಟು
"ಸ್ಪಿನ್ ಮರೆತು" ಅಂತ ಸದ್ದಿಲ್ಲದೆ ದಾಟಿಸಿಬಿಟ್ರಿ ಗುರುಗಳೇ. ನಿಜವಾದ 3p ತಗೊಳ್ಳಿ, ಸೋಡಿಯಂ. ಅದರ ಹಳದಿ ಬೆಳಕು 3p ಇಂದ 3s ಗೆ ಬೀಳುವಾಗ ಬರೋದು, ಮತ್ತೆ ಅದು ಒಂದು ಗೆರೆ ಅಲ್ಲ, 589.0 ಮತ್ತು 589.6 ನ್ಯಾನೋಮೀಟರ್ ಅಂತ ಎರಡು. ಸ್ಪಿನ್ ಮತ್ತು ಕಕ್ಷೆಯ ಚಲನೆ ಒಂದಕ್ಕೊಂದು ಗಂಟು ಬಿದ್ದಿರೋದ್ರಿಂದ 3p ಎರಡು ಮಟ್ಟಗಳಾಗಿ ಒಡೆದಿದೆ. ಅಂತರ ಸುಮಾರು 2.1 ಮಿಲಿ ಇಲೆಕ್ಟ್ರಾನ್‌ವೋಲ್ಟ್. ನಿಮ್ಮ 1 ಟೆಸ್ಲಾದ 0.058 ಇದರ ಮುಂದೆ ಲೆಕ್ಕಕ್ಕೇ ಇಲ್ಲ, ಡಂಬೆಲ್ ಹಾಗೆ ನೀಟಾಗಿ ತಿರುಗೋದಿಲ್ಲ.

ಅಲ್ಲಿ m, ಸ್ಪಿನ್ ಎರಡನ್ನೂ ಬೇರೆಬೇರೆಯಾಗಿ ಖಚಿತ ಅಂತ ಹೇಳೋಕೂ ಆಗಲ್ಲ. m = +1, ಸ್ಪಿನ್ +1/2 ಹಾಗೇ ಉಳಿಯುತ್ತೆ, ಯಾಕಂದ್ರೆ ಮೊತ್ತ 3/2 ಬರೋದು ಅದೊಂದರಲ್ಲೇ. ಆದ್ರೆ m = +1, ಸ್ಪಿನ್ −1/2 ರ ಮೊತ್ತವೂ 1/2, m = 0, ಸ್ಪಿನ್ +1/2 ರ ಮೊತ್ತವೂ 1/2. ಅವೆರಡೂ ಬೆರೆತುಹೋಗುತ್ತವೆ. ಆರು ಸ್ಥಿತಿಗಳು ನಾಲ್ಕು ಮತ್ತು ಎರಡು ಅಂತ ಗುಂಪಾಗುತ್ತವೆ. ಆರು ಆರೇ, ಹೆಸರುಗಳು ಬದಲು.

ಅಲೆಗಣಿತ
ಒಪ್ಪಿದೆ. ನನ್ನ ಲೆಕ್ಕ px ಮತ್ತು +1 ಬೇರೆ ಅಂತ ತೋರಿಸೋಕೆ, ಸೋಡಿಯಂ ವರ್ಣಪಟಲ ಓದೋಕಲ್ಲ. ನೀವು ಹೇಳಿದ್ದರಿಂದ ಕೀ ಉತ್ತರ ಇನ್ನಷ್ಟು ಹಾಳಾಯ್ತೇ ಹೊರತು ಸರಿಹೋಗಲಿಲ್ಲ.

ಸುಮಾ ಎಂ
ಸ್ಪಿನ್ ಯಾಕೆ ಅರ್ಧ? 0, 1 ಅಂತ ಇಟ್ಟಿದ್ರೆ ಏನಾಗ್ತಿತ್ತು?

ಲ್ಯಾಬ್‌ಕೋಟು
l ಪೂರ್ಣಾಂಕ ಆದ್ರೆ m ಬೆಲೆಗಳು 2l + 1, ಅಂದ್ರೆ 1, 3, 5 ಹೀಗೆ ಯಾವಾಗಲೂ ಬೆಸಸಂಖ್ಯೆ. 1922ರಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಬೆಳ್ಳಿಯ ಪರಮಾಣುಗಳನ್ನ ಏರುಪೇರಿನ ಕಾಂತಕ್ಷೇತ್ರದಲ್ಲಿ ಹಾಯಿಸಿದಾಗ ಕಂಡಿದ್ದು ಎರಡು ಪಟ್ಟೆ. ಬೆಳ್ಳಿಯ ಹೊರಗಿನ ಇಲೆಕ್ಟ್ರಾನ್ 5s, l = 0, ಅದರಿಂದ ಒಂದೇ ಪಟ್ಟೆ ಬರಬೇಕಿತ್ತು. 2s + 1 = 2 ಆಗಬೇಕಾದ್ರೆ s ಅರ್ಧವೇ ಆಗಬೇಕು. ಸ್ಪಿನ್ ಅನ್ನೋ ವಿವರಣೆ 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಕೊಟ್ಟಿದ್ದು.

ಮೌನಮಾತು
ಇಷ್ಟೆಲ್ಲಾ ಓದಿ ಅರ್ಥ ಆಯ್ತು. ಆದ್ರೆ ಪರೀಕ್ಷೆಯಲ್ಲಿ ಅದೇ ಮೂರು ಆಯ್ಕೆ ಬಂದ್ರೆ ಏನು ಗುರುತು ಹಾಕಲಿ?

ರಂಗಪ್ಪ ಕೆಮಿಸ್ಟ್ರಿ
ನಿಮ್ಮ ಪಠ್ಯ +1 ಗೆ x ಅಂದಿದ್ರೆ x ಹಾಕಿ. ಅಂಕ ಕೊಡೋದು ಕೀ ನೋಡ್ಕೊಂಡು, ಚರ್ಚೆ ನೋಡ್ಕೊಂಡಲ್ಲ.

ಅಲೆಗಣಿತ
ನನ್ನ ಪ್ರಕಾರ ಆಕ್ಷೇಪಣೆ ಸಲ್ಲಿಸಬೇಕು. |m| = 1 ಅಂತ ಕೇಳಿ "px ಅಥವಾ py" ಅಂತ ಆಯ್ಕೆ ಕೊಡಬಹುದಿತ್ತು, ಅಥವಾ m = 0 ಕೇಳಬಹುದಿತ್ತು. ಕೇಳೋಕೆ ಸರಿ ಪ್ರಶ್ನೆಗಳು ಬೇಕಾದಷ್ಟಿವೆ.

ರಂಗಪ್ಪ ಕೆಮಿಸ್ಟ್ರಿ
ಆಕ್ಷೇಪಣೆ ಹಾಕೋಕೆ ಮುಂಚೆ ಅಂಕ ಹೋಗಿರುತ್ತೆ ಸರ್. ಇದರಲ್ಲಿ ನಾವಿಬ್ಬರೂ ಒಂದಾಗೋದಿಲ್ಲ ಬಿಡಿ.

ಕೋಡ್‌ಕುಟ್ಟಿ
ವಿಷಯಾಂತರ: 4f ಗೆ ಒಂದು ಕಡೆ ಎಂಟು ಲೋಬ್‌ನದ್ದು ಒಂದೇ ಇದೆ, ಇನ್ನೊಂದು ಕಡೆ ನಾಲ್ಕು ಇವೆ. ಯಾರೋ ತಪ್ಪು ಬಿಡಿಸಿದ್ದಾರಾ?

ಲ್ಯಾಬ್‌ಕೋಟು
ಬೇರೆಬೇರೆ ಇದ್ದ ಮಾತ್ರಕ್ಕೆ ತಪ್ಪಲ್ಲ. f ನಲ್ಲಿ ಏಳು ಸ್ಥಿತಿಗಳನ್ನ ಬೆರೆಸೋ ರೂಢಿಯ ಕ್ರಮಗಳು ಎರಡಿವೆ. ಒಂದರಲ್ಲಿ ಒಂದೇ |m| ನ ಜೋಡಿಗಳನ್ನ ಮಾತ್ರ ಬೆರೆಸ್ತಾರೆ, ನಾವು p ಗೆ ಮಾಡಿದ ಹಾಗೆ. ಅದರಲ್ಲಿ ಎಂಟು ಲೋಬ್‌ನವು ಎರಡು ಬರಬೇಕು, ಎರಡೂ ±2 ಇಂದ. ಇನ್ನೊಂದು x, y, z ಮೂರೂ ದಿಕ್ಕು ಸಮ ಇರೋ ಘನಾಕೃತಿಯ ಪರಿಸರಕ್ಕೆ ಹೊಂದೋ ಕ್ರಮ, ಅಲ್ಲಿ ±1 ಮತ್ತು ±3 ಕೂಡ ಒಂದರೊಳಗೊಂದು ಸೇರುತ್ತವೆ, ಎಂಟು ಲೋಬ್‌ನವು ನಾಲ್ಕಾಗುತ್ತವೆ. ನೀವು ನೋಡಿದ ಮೊದಲನೇ ಚಿತ್ರದಲ್ಲಿ ನಿಜಕ್ಕೂ ಒಂದೇ ಇದೆಯಾ, ಮತ್ತೊಮ್ಮೆ ಎಣಿಸಿ ನೋಡಿ.